ರೈಲ್ಯಾಂಡ್ಸ್ ನಿಯಮ ರದ್ದಾಗಿಲ್ಲ. ಆದರೂ ಅದರಡಿ ಯಾರೂ ಗೆಲ್ಲುವುದಿಲ್ಲ ಏಕೆ?

ಮೂರನೇ ಸೆಮಿಸ್ಟರ್:
ಒಬ್ಬರ ಕೃತ್ಯದಿಂದ ಇನ್ನೊಬ್ಬರಿಗಾದ ಹಾನಿಗೆ ಪರಿಹಾರ ಕೊಡಿಸುವ ಟಾರ್ಟ್ ಕಾನೂನು ಓದುತ್ತಿದ್ದೇನೆ. ರೈಲ್ಯಾಂಡ್ಸ್ ವಿರುದ್ಧ ಫ್ಲೆಚರ್ ಪ್ರಕರಣದ ನಿಯಮ ಕಂಠಪಾಠವಾಗಿದೆ: ತಪ್ಪಿಸಿಕೊಂಡರೆ ಕೇಡು ಮಾಡುವಂಥ ವಸ್ತುವನ್ನು ಒಬ್ಬನು ತನ್ನ ಅನುಕೂಲಕ್ಕಾಗಿ ತನ್ನ ನೆಲಕ್ಕೆ ತಂದು ಕೂಡಿಟ್ಟರೆ, ಅದನ್ನು ಅಲ್ಲೇ ಹಿಡಿದಿಡುವ ಹೊಣೆಯೂ ಅವನದೇ. ಅದು ಹೊರಬಿದ್ದು ಪಕ್ಕದವನಿಗೆ ನಷ್ಟವಾದರೆ, ತನ್ನ ಕಡೆಯಿಂದ ತಪ್ಪಿರಲಿಲ್ಲ ಎಂದು ಹೇಳಿ ಪಾರಾಗುವಂತಿಲ್ಲ. 1868ರಲ್ಲಿ, ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಇದನ್ನು ಎತ್ತಿಹಿಡಿಯಿತು.

ಇಷ್ಟು ಬಲವಾದ ನಿಯಮ ಕೈಯಲ್ಲಿರುವಾಗ ವಾದಿಗಳು ಸಾಲುಸಾಲಾಗಿ ಗೆದ್ದಿರಬೇಕಿತ್ತು. ಆದರೆ ಟ್ರಾನ್ಸ್‌ಕೊ ಎಂಬ ಅನಿಲ ಕಂಪನಿ ಹೂಡಿದ್ದ, 2003ರಲ್ಲಿ ತೀರ್ಪಾದ ಪ್ರಕರಣದಲ್ಲಿ ಲಾರ್ಡ್ ಹಾಫ್‌ಮನ್ ಹೇಳುವ ಪ್ರಕಾರ, ಎರಡನೇ ಮಹಾಯುದ್ಧದ ನಂತರ ಈ ನಿಯಮದಡಿ ಯಾರಾದರೂ ಗೆದ್ದ ಒಂದೇ ಒಂದು ವರದಿಯಾದ ಪ್ರಕರಣವನ್ನೂ ವಕೀಲರಿಗೆ ತೋರಿಸಲಾಗಲಿಲ್ಲ. ಹಾಗಿದ್ದೂ ಲಾರ್ಡ್‌ಗಳು ನಿಯಮವನ್ನು ಕೈಬಿಡಲಿಲ್ಲ. ನಮ್ಮ ಟಿಪ್ಪಣಿಯಲ್ಲಿ ‘ವ್ಯಾಪ್ತಿ ಕುಗ್ಗಿತು’ ಎಂದು ಬರೆದು ಮುಗಿಸಿದ್ದಾರೆ. ಕುಗ್ಗಿದ್ದು ಹೇಗೆ, ಏಕೆ ಎಂದು ತಿಳಿದವರು ಹೇಳುತ್ತೀರಾ?

ಬೇಲಿಯಾಚೆ:
ಉತ್ತರ ಸುಲಭ. 1993ರ ಡಿಸೆಂಬರ್‌ನಲ್ಲಿ ಕೇಂಬ್ರಿಜ್ ವಾಟರ್ ತೀರ್ಪು ಬಂತು. ಹಾನಿಯನ್ನು ಮುಂಚೆಯೇ ಊಹಿಸಲು ಸಾಧ್ಯವಿದ್ದರೆ ಮಾತ್ರ ಹೊಣೆ ಎಂದು ಲಾರ್ಡ್ ಗಾಫ್ ಹೇಳಿದರು. ಮುಂಗಾಣುವಿಕೆ ಬಂದ ಮೇಲೆ ಅದು ನಿರ್ಲಕ್ಷ್ಯವೇ ಆಯಿತಲ್ಲ? ತಪ್ಪಿಲ್ಲದ ಹೊಣೆ ಎಂಬ ಮಾತು ಅಂದೇ ಮುಗಿಯಿತು.

ಕಟಕಟೆ:
ಬೇಲಿಯಾಚೆ ಅವರೇ, ನಿಮ್ಮ ಮಾತಿನಲ್ಲಿ ಅರ್ಧ ಸರಿಯಿದೆ. ಉಳಿದರ್ಧ ಪರೀಕ್ಷೆಯಲ್ಲಿ ಬಹಳ ವಿದ್ಯಾರ್ಥಿಗಳನ್ನು ದಾರಿ ತಪ್ಪಿಸುತ್ತದೆ, ಆದ್ದರಿಂದ ಬಿಡಿಸಿ ಹೇಳುತ್ತೇನೆ.

ಆ ಪ್ರಕರಣದಲ್ಲಿ ಸಾಸ್ಟನ್ ಎಂಬಲ್ಲಿನ ಚರ್ಮ ಹದಮಾಡುವ ಕಾರ್ಖಾನೆಯೊಂದು ಕೊಬ್ಬು ತೆಗೆಯಲು ರಾಸಾಯನಿಕ ದ್ರಾವಕ ಬಳಸುತ್ತಿತ್ತು. ಪೀಪಾಯಿಯಿಂದ ಯಂತ್ರಕ್ಕೆ ಸುರಿಯುವಾಗ ಆಗಾಗ ಸ್ವಲ್ಪಸ್ವಲ್ಪ ನೆಲಕ್ಕೆ ಚೆಲ್ಲುತ್ತಿತ್ತು. ಅದು ಕಾಂಕ್ರೀಟ್ ದಾಟಿ, ಸುಣ್ಣಕಲ್ಲಿನ ಪದರಕ್ಕಿಳಿದು, ಅಂತರ್ಜಲದ ಜೊತೆ ಹರಿದು, 1.3 ಮೈಲಿ ದೂರದ ನೀರು ಸರಬರಾಜು ಕಂಪನಿಯ ಕೊಳವೆಬಾವಿಯನ್ನು ಸೇರಿತು. ಚೆಲ್ಲಿದ್ದು 1976ರೊಳಗೆ. ಅಷ್ಟು ಅಲ್ಪ ಪ್ರಮಾಣದ ದ್ರಾವಕದಿಂದ ಬಾವಿಯ ನೀರು ಕುಡಿಯಲು ಬಾರದಂತಾಗುತ್ತದೆ ಎಂದು ಆಗ ಯಾರಿಗೂ ಹೊಳೆಯುವಂತಿರಲಿಲ್ಲ. ಯುರೋಪಿನ ಕುಡಿಯುವ ನೀರಿನ ಮಾನದಂಡ ಬಂದದ್ದೇ ಆಮೇಲೆ.

ಲಾರ್ಡ್ ಗಾಫ್ ಕೇಳಿದ್ದು ಒಂದೇ ಪ್ರಶ್ನೆ: ವಸ್ತು ಹೊರಬಿದ್ದರೆ ಈ ಬಗೆಯ ಹಾನಿ ಆಗಬಹುದೆಂದು ಆ ಕಾಲದಲ್ಲಿ ತಿಳಿಯಬಹುದಿತ್ತೇ? ವಸ್ತು ಹೊರಬೀಳುತ್ತದೆಯೇ ಎಂದು ಊಹಿಸಬಹುದಿತ್ತೇ, ಅದನ್ನು ತಡೆಯಲು ಸಾಕಷ್ಟು ಎಚ್ಚರ ವಹಿಸಿದ್ದರೇ ಎಂದು ಅವರು ಕೇಳಲಿಲ್ಲ. ನಿರ್ಲಕ್ಷ್ಯದ ದಾವೆಯಲ್ಲಿ ಈ ಎರಡನ್ನೂ ವಾದಿ ಸಾಬೀತುಪಡಿಸಬೇಕು, ಇಲ್ಲಿ ಬೇಕಿಲ್ಲ. ಎಲ್ಲ ಎಚ್ಚರ ವಹಿಸಿದವನೂ ಸೋಲಬಹುದು ಎಂಬ ಅಂಶ ಕೇಂಬ್ರಿಜ್ ವಾಟರ್ ನಂತರವೂ ಉಳಿದಿದೆ. ಅಷ್ಟೇ ಅಲ್ಲ, ಕಾರ್ಖಾನೆಯಲ್ಲಿ ದೊಡ್ಡ ಪ್ರಮಾಣದ ರಾಸಾಯನಿಕ ಸಂಗ್ರಹಿಸುವುದು, ಈ ನಿಯಮ ನಡೆಯಲು ಬೇಕಾದ ಭೂಮಿಯ ಅಸಹಜ ಬಳಕೆಗೆ ಹೆಚ್ಚುಕಡಿಮೆ ಮಾದರಿ ಉದಾಹರಣೆ ಎಂದೂ ಅವರು ಹೇಳಿದರು. ಆ ಭಾಗ ಓದಿದಾಗ ನಿಯಮಕ್ಕೆ ಮತ್ತೆ ಜೀವ ಬಂತೆಂದೇ ಹಲವರು ಎಣಿಸಿದ್ದರು.

ನನ್ನ ದೃಷ್ಟಿಯಲ್ಲಿ ಕಾರಣ ಬೇರೆ ಇದೆ. ಈ ನಿಯಮ ಯಾವ ಕಂದಕವನ್ನು ತುಂಬಲು ಹುಟ್ಟಿತೋ, ಆ ಕಂದಕವನ್ನು ಬೇರೆ ಕಾನೂನುಗಳು ಬಂದು ತುಂಬಿಬಿಟ್ಟವು. ಅದಕ್ಕೆ ಮೂಲ ಪ್ರಕರಣಕ್ಕೇ ಹೋಗಬೇಕು.

ಲ್ಯಾಂಕಾಷೈರ್‌ನಲ್ಲಿ ಗಿರಣಿ ನಡೆಸುತ್ತಿದ್ದ ರೈಲ್ಯಾಂಡ್ಸ್ ಮತ್ತು ಅವರ ಪಾಲುದಾರರಿಗೆ ನೀರು ಬೇಕಿತ್ತು. ಬಲ್ಲ ಇಂಜಿನಿಯರ್ ಮತ್ತು ಗುತ್ತಿಗೆದಾರರನ್ನು ಹಿಡಿದು ಜಲಾಶಯ ಕಟ್ಟಿಸಿದರು. ತಳ ಅಗೆಯುವಾಗ ಕೆಲಸಗಾರರಿಗೆ ಹಳೆಯ ಗಣಿಯ ಲಂಬ ಬಾವಿಗಳು ಎದುರಾದವು. ಅವು ಮಣ್ಣು ತುಂಬಿಕೊಂಡಿದ್ದವು. ಅವು ಕೆಳಗೆ ಫ್ಲೆಚರ್ ಅವರ ಕಲ್ಲಿದ್ದಲು ಗಣಿಗೆ ಕೂಡುತ್ತವೆ ಎಂದು ಯಾರೂ ಶಂಕಿಸಲಿಲ್ಲ, ಭದ್ರವಾಗಿ ಮುಚ್ಚಲೂ ಇಲ್ಲ. 1860ರ ಡಿಸೆಂಬರ್‌ನಲ್ಲಿ, ಜಲಾಶಯಕ್ಕೆ ಇನ್ನೂ ಪೂರ್ತಿ ನೀರು ತುಂಬುವ ಮೊದಲೇ, ಒಂದು ಬಾವಿ ಕೆಳಮುಖವಾಗಿ ಒಡೆದು ನೀರೆಲ್ಲ ಗಣಿಗೆ ನುಗ್ಗಿತು.

ಈಗ ಫ್ಲೆಚರ್ ಅವರ ಪಾಡು ನೋಡಿ. ಎಚ್ಚರ ತಪ್ಪಿದ್ದು ಇಂಜಿನಿಯರ್ ಮತ್ತು ಗುತ್ತಿಗೆದಾರರು ಎಂಬುದು ದಾಖಲೆಯಲ್ಲೇ ಇತ್ತು. ಗಿರಣಿ ಮಾಲೀಕರ ವೈಯಕ್ತಿಕ ತಪ್ಪೇನೂ ಇರಲಿಲ್ಲ. ಸ್ವತಂತ್ರ ಗುತ್ತಿಗೆದಾರ ಮಾಡಿದ ತಪ್ಪಿಗೆ ಕೆಲಸ ಕೊಟ್ಟವನು ಸಾಮಾನ್ಯವಾಗಿ ಹೊಣೆಯಲ್ಲ. ಒಂದೇ ಸಲ ನಡೆದ ಘಟನೆಯಾದ್ದರಿಂದ, ನೆರೆಯವನ ಮುಂದುವರಿಯುವ ಕಾಟದ ವಿರುದ್ಧ ಹೂಡುವ ಉಪದ್ರವದ ದಾವೆಗೂ ಅದು ಸುಲಭವಾಗಿ ಒಗ್ಗುತ್ತಿರಲಿಲ್ಲ. ನೀರು ನೇರವಾಗಿ ಎರಚಿದ್ದಲ್ಲವಾದ್ದರಿಂದ ಅತಿಕ್ರಮಣವೂ ಅಲ್ಲ. ಇದ್ದ ಎಲ್ಲ ಬಾಗಿಲುಗಳೂ ಮುಚ್ಚಿದ್ದವು. ನ್ಯಾಯಮೂರ್ತಿ ಬ್ಲ್ಯಾಕ್‌ಬರ್ನ್ 1866ರಲ್ಲಿ ಅವರಿಗಾಗಿ ಹೊಸ ಬಾಗಿಲು ತೆರೆದರು. ಹೊಸದೆಂದು ಹೇಳಲಿಲ್ಲ, ದನ ಬೇಲಿ ಹಾರಿ ಪಕ್ಕದ ಹುಲ್ಲು ಮೇಯುವುದು, ಪಾಯಿಖಾನೆಯ ಹೊಲಸು ಪಕ್ಕದ ನೆಲಮಾಳಿಗೆಗೆ ಇಳಿಯುವುದು ಮುಂತಾದ ಹಳೆಯ ಉದಾಹರಣೆಗಳನ್ನು ಒಂದು ದಾರದಲ್ಲಿ ಪೋಣಿಸಿದರು. ಎರಡು ವರ್ಷದ ನಂತರ ಲಾರ್ಡ್ ಕೇರ್ನ್ಸ್ ‘ಅಸಹಜ ಬಳಕೆ’ ಎಂಬ ಮಾತನ್ನು ಸೇರಿಸಿದರು.

ನೀರುಗಂಟಿ:
ನಾನು ವಕೀಲನಲ್ಲ, ನೀರಾವರಿ ಕಾಮಗಾರಿಗಳಲ್ಲಿ ಕೆಲಸ ಮಾಡಿದವನು. ಆ ಕಾಲದ ಹಿನ್ನೆಲೆಯನ್ನು ಸ್ವಲ್ಪ ಸೇರಿಸುತ್ತೇನೆ. 1852ರಲ್ಲಿ ಹೋಮ್‌ಫರ್ತ್ ಬಳಿಯ ಬಿಲ್‌ಬೆರಿ ಜಲಾಶಯ ಒಡೆದು 81 ಜನ ಸತ್ತರು. 1864ರ ಮಾರ್ಚ್‌ನಲ್ಲಿ ಶೆಫೀಲ್ಡ್ ಮೇಲಿನ ಡೇಲ್ ಡೈಕ್ ಅಣೆಕಟ್ಟು ಮೊದಲ ಸಲ ತುಂಬುವಾಗಲೇ ಒಡೆದು 240ಕ್ಕೂ ಹೆಚ್ಚು ಜನ ಸತ್ತರು. ಮಣ್ಣಿನ ಏರಿಯ ಒಳಗೆ ನೀರು ಎಲ್ಲಿ ಜಿನುಗುತ್ತದೆ ಎಂದು ಲೆಕ್ಕ ಹಾಕುವ ವಿಜ್ಞಾನವೇ ಆಗ ಇರಲಿಲ್ಲ. ಎಚ್ಚರ ತಪ್ಪಿದ್ದು ಇಂಥಲ್ಲಿ ಎಂದು ತೋರಿಸಲು ವಾದಿಗೆ ಸಾಧ್ಯವೇ ಇರಲಿಲ್ಲ. ಫ್ಲೆಚರ್ ಮೊಕದ್ದಮೆ ನ್ಯಾಯಾಲಯದಲ್ಲಿದ್ದಾಗಲೇ ಶೆಫೀಲ್ಡ್ ದುರಂತ ನಡೆಯಿತು. ನ್ಯಾಯಾಧೀಶರು ಪತ್ರಿಕೆ ಓದುತ್ತಿರಲಿಲ್ಲ ಎಂದು ನಾನು ನಂಬುವುದಿಲ್ಲ.

ಕೆಳಮನೆ:
ನನ್ನದು ಇದೇ ಪ್ರಕರಣ. ಮೇಲಿನ ಮಹಡಿಯವರ ಬಟ್ಟೆ ಒಗೆಯುವ ಯಂತ್ರದ ಕೊಳವೆ ಕಳಚಿ ರಾತ್ರಿಯಿಡೀ ನೀರು ಸುರಿದು ನಮ್ಮ ಚಾವಣಿಯ ಗಿಲಾವು ಕುಸಿಯಿತು, ಪುಸ್ತಕದ ಕಪಾಟು ಹಾಳಾಯಿತು. ಅವರು ‘ನಮ್ಮ ತಪ್ಪೇನಿದೆ, ಕೊಳವೆ ತಾನಾಗಿ ಕಳಚಿತು’ ಎನ್ನುತ್ತಾರೆ. ನೀರು ಅವರ ಜಾಗದಿಂದ ನಮ್ಮ ಜಾಗಕ್ಕೆ ಬಂದಿದೆ, ಹಾನಿಯೂ ಆಗಿದೆ. ತಪ್ಪು ತೋರಿಸಬೇಕಿಲ್ಲ ಎಂದು ನೀವೇ ಹೇಳುತ್ತಿದ್ದೀರಿ. ಈ ನಿಯಮ ಹೇಳಿ ನೋಟಿಸ್ ಕೊಡಲೇ?

ಕಟಕಟೆ:
ನಿಮಗಾದ ನಷ್ಟ ಚಿಕ್ಕದಲ್ಲ, ಆದರೆ ಈ ನಿಯಮವನ್ನು ನೆಚ್ಚಬೇಡಿ. ನಿಮ್ಮ ಪ್ರಕರಣದ ಅಣ್ಣನಂಥದ್ದು 1913ರಲ್ಲೇ, ಬ್ರಿಟಿಷ್ ವಸಾಹತುಗಳ ಮೇಲ್ಮನವಿ ಕೇಳುತ್ತಿದ್ದ ಪ್ರಿವಿ ಕೌನ್ಸಿಲ್ ಮುಂದೆ ಬಂದಿತ್ತು: ರಿಕರ್ಡ್ಸ್ ವಿರುದ್ಧ ಲೋಥಿಯನ್. ಮೆಲ್ಬರ್ನ್‌ನ ಕಟ್ಟಡವೊಂದರ ನಾಲ್ಕನೇ ಮಹಡಿಯಲ್ಲಿ ಯಾರೋ ಬೇಕೆಂದೇ ಕೈತೊಳೆಯುವ ತೊಟ್ಟಿಯ ಕೊಳವೆ ಮುಚ್ಚಿ ನಲ್ಲಿ ತೆರೆದುಬಿಟ್ಟಿದ್ದರು. ಎರಡನೇ ಮಹಡಿಯ ಬಾಡಿಗೆದಾರನ ಸರಕು ನೆನೆದು ಹೋಯಿತು. ಅವನು ಸೋತ. ಮೂರನೆಯವನ ಕಿಡಿಗೇಡಿತನ ಒಂದು ಕಾರಣ. ಇನ್ನೊಂದು, ಮುಂದೆ ನಿಯಮವನ್ನೇ ಬದಲಿಸಿದ ಕಾರಣ: ಕಟ್ಟಡದೊಳಗೆ ನಲ್ಲಿ ನೀರು ಇರುವುದು ಭೂಮಿಯ ಸಾಮಾನ್ಯ ಬಳಕೆ. ಇತರರಿಗೆ ಹೆಚ್ಚಿನ ಅಪಾಯ ತರುವ ವಿಶೇಷ ಬಳಕೆ ಇರಬೇಕು ಎಂದರು ಲಾರ್ಡ್ ಮೌಲ್ಟನ್. ಜೊತೆಗೆ ಸಮುದಾಯದ ಒಟ್ಟು ಹಿತಕ್ಕೆ ತಕ್ಕ ಬಳಕೆಯೂ ನಿಯಮದ ಹೊರಗೆ ಎಂಬ ಮಾತನ್ನೂ ಸೇರಿಸಿದರು.

ನೀವು ಹಿಡಿಯಬೇಕಾದ ದಾರಿ ನಿರ್ಲಕ್ಷ್ಯ. ಕೊಳವೆ ಎಷ್ಟು ಹಳೆಯದು, ಜೋಡಿಸಿದ್ದು ಯಾರು, ಮೊದಲೇ ಸೋರುತ್ತಿತ್ತೇ, ಯಂತ್ರ ಚಾಲೂ ಮಾಡಿಟ್ಟು ಮಲಗಿದ್ದರೇ ಎಂಬುದನ್ನು ಕೇಳಿ. ಕಳಚಿದ ಕೊಳವೆಯನ್ನು ಎಸೆಯದಂತೆ ಈಗಲೇ ಬರವಣಿಗೆಯಲ್ಲಿ ತಿಳಿಸಿ, ಅದರ ತುದಿಯ ಚಿತ್ರ ತೆಗೆದುಕೊಳ್ಳಿ. ಬಿಗಿಯುವ ಪಟ್ಟಿ ತುಕ್ಕು ಹಿಡಿದಿದ್ದರೆ ಅದೊಂದೇ ಅರ್ಧ ವಾದವಾಗುತ್ತದೆ.

ಕೆಳಮನೆ:
ಹಾಗಾದರೆ 1860ರ ನೀರು ಅಪಾಯಕಾರಿ, ನಮ್ಮ ಮನೆಗೆ ಬಿದ್ದ ನೀರು ಅಲ್ಲವೇ? ನನಗೆ ಇದು ನ್ಯಾಯವೆನಿಸುವುದಿಲ್ಲ. ಚಿತ್ರ ತೆಗೆದಿಡುತ್ತೇನೆ.

ಮೂರನೇ ಸೆಮಿಸ್ಟರ್:
ಕೆಳಮನೆ ಅವರ ಪ್ರಶ್ನೆಯೇ ನನ್ನದೂ. ಟ್ರಾನ್ಸ್‌ಕೊ ಪ್ರಕರಣದಲ್ಲಿ ಸೋರಿದ್ದು ತೊಟ್ಟಿಯ ನೀರಲ್ಲ, ಇಡೀ ಕಟ್ಟಡದ ನೀರು. ಅಲ್ಲಿಯೂ ‘ಸಾಮಾನ್ಯ ಬಳಕೆ’ ಎಂದದ್ದು ಹೇಗೆ?

ನೀರುಗಂಟಿ:
ಆ ತೀರ್ಪನ್ನು ನಾನು ಇಂಜಿನಿಯರ್ ಕಣ್ಣಿನಿಂದ ಓದಿದ್ದೇನೆ, ಒಪ್ಪಲಾಗಿಲ್ಲ. ಸ್ಟಾಕ್‌ಪೋರ್ಟ್ ನಗರಾಡಳಿತಕ್ಕೆ ಸೇರಿದ 66 ಮನೆಗಳ ಗೋಪುರ ಕಟ್ಟಡ. ಮುಖ್ಯ ಕೊಳವೆಯಿಂದ ನೆಲಮಾಳಿಗೆಯ ತೊಟ್ಟಿಗಳಿಗೆ 3 ಇಂಚಿನ ಕೊಳವೆ. ಅದು ನೆಲದಡಿ ಒಡೆದು, ಯಾರ ಗಮನಕ್ಕೂ ಬಾರದೆ ದೀರ್ಘ ಕಾಲ ಸುರಿಯಿತು. 1992ರ ಸೆಪ್ಟೆಂಬರ್‌ನಲ್ಲಿ ಪತ್ತೆಯಾಯಿತು. ಅಷ್ಟರೊಳಗೆ ನೀರು ಪಕ್ಕದ ಭರ್ತಿ ಮಣ್ಣಿನಲ್ಲಿ ಹರಿದು ಹಳೆಯ ರೈಲು ಹಳಿಯ ಏರಿಯನ್ನು ನೆನೆಸಿತ್ತು. ಏರಿ ಕುಸಿದು, ಅದರೊಳಗಿದ್ದ 16 ಇಂಚಿನ ಅಧಿಕ ಒತ್ತಡದ ಅನಿಲ ಕೊಳವೆ ಆಧಾರವಿಲ್ಲದೆ ಗಾಳಿಯಲ್ಲಿ ನಿಂತಿತು.

ಅನಿಲ ಕಂಪನಿ ತಕ್ಷಣ ಕೆಳಗೆ ಆಸರೆ ಕೊಟ್ಟು ಸರಿಪಡಿಸದಿದ್ದರೆ ಆಗಬಹುದಾಗಿದ್ದ ಅನಾಹುತ ನೆನೆದರೆ ಮೈ ನಡುಗುತ್ತದೆ. ಅದಕ್ಕಾದ ಖರ್ಚು ಸುಮಾರು 93 ಸಾವಿರ ಪೌಂಡ್. ಮನೆಯ ನಲ್ಲಿ ಕೊಳವೆ ಒಡೆದರೆ ಅಂಗಳ ಒದ್ದೆಯಾಗುತ್ತದೆ, ಯಾರಾದರೂ ನೋಡುತ್ತಾರೆ. 3 ಇಂಚಿನ ಕೊಳವೆ ನೆಲದಡಿ ಒಡೆದರೆ ಹರಿಯುವ ನೀರಿನ ಮೊತ್ತವೇ ಬೇರೆ, ಕೆಡವುವ ಶಕ್ತಿಯೇ ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಿದ್ದು ತಪ್ಪು.

ಕಟಕಟೆ:
ನೀರುಗಂಟಿ ಅವರ ವಾದವನ್ನೇ ಟ್ರಾನ್ಸ್‌ಕೊ ವಕೀಲರೂ ಮಾಡಿದರು, ಮೊದಲ ಹಂತದಲ್ಲಿ ಗೆದ್ದರು ಕೂಡ. ಮೇಲ್ಮನವಿ ನ್ಯಾಯಾಲಯದಲ್ಲಿ ಮತ್ತು ಲಾರ್ಡ್ಸ್‌ನಲ್ಲಿ ಸೋತರು. ಲಾರ್ಡ್‌ಗಳು ತಮ್ಮ ಮುಂದಿಟ್ಟುಕೊಂಡ ಪ್ರಶ್ನೆ, ಆದ ಹಾನಿ ಎಷ್ಟು ಎಂಬುದಲ್ಲ. ಆ ವಸ್ತುವನ್ನು ಅಲ್ಲಿಗೆ ತಂದಾಗ, ಅದು ಹೊರಬಿದ್ದರೆ ಅಸಾಧಾರಣ ಅಪಾಯವಿದೆ ಎಂದು ತಂದವನಿಗೆ ಅರಿವಾಗಬೇಕಿತ್ತೇ ಎಂಬುದು. ಲಾರ್ಡ್ ಬಿಂಗಮ್ ಈ ಮಟ್ಟವನ್ನು ಬಹಳ ಎತ್ತರಕ್ಕೆ ಇಟ್ಟರು. ವಾಸದ ಕಟ್ಟಡಕ್ಕೆ ಕೊಳವೆಯಲ್ಲಿ ನೀರು ತರುವುದು ಎಲ್ಲೆಡೆ ನಡೆಯುವ ಕೆಲಸ. ಗಾತ್ರ ದೊಡ್ಡದೆಂಬ ಮಾತ್ರಕ್ಕೆ ಅದು ಆ ಮಟ್ಟ ಮುಟ್ಟುವುದಿಲ್ಲ ಎಂದರು. ಕಟ್ಟಿ ನಿಲ್ಲಿಸಿದ ಜಲಾಶಯಕ್ಕೂ ಇದಕ್ಕೂ ಇರುವ ಗೆರೆ ಅದೇ.

ಇದಕ್ಕಿಂತ ಮುಖ್ಯವೆಂದು ನನಗೆ ತೋರುವುದು ಲಾರ್ಡ್ ಹಾಫ್‌ಮನ್ ನೋಡಿದ ಎರಡು ಸಂಗತಿಗಳು. ಮೊದಲನೆಯದು ವಿಮೆ. ಆಸ್ತಿಗಾಗುವ ಇಂಥ ಹಾನಿಗೆ ಆಸ್ತಿಯವನೇ ವಿಮೆ ಮಾಡಿಸಿಕೊಳ್ಳುವುದು ವಾಡಿಕೆ. ಇಲ್ಲಿ ತೂಗುತ್ತಿದ್ದದ್ದು ವಿಮೆ ಮಾಡಿಸಬಲ್ಲ ಎರಡು ಸಂಸ್ಥೆಗಳಲ್ಲಿ ಯಾರು ಖರ್ಚು ಹೊರಬೇಕೆಂಬುದು. ಎರಡನೆಯದು, ಸಂಸತ್ತು ಮಾಡಿದ ಕಾನೂನು. 1991ರ ಜಲೋದ್ಯಮ ಕಾಯ್ದೆಯ ಪ್ರಕಾರ ನೀರು ಸರಬರಾಜು ಕಂಪನಿಯ ಮುಖ್ಯ ಕೊಳವೆ ಒಡೆದರೆ ಕಂಪನಿ ತಪ್ಪಿಲ್ಲದೆಯೂ ಹೊಣೆ. ಆದರೆ ಅನಿಲ ಸರಬರಾಜುದಾರರಿಗೆ ಆ ಕಾಯ್ದೆಯಡಿ ಪರಿಹಾರ ಕೇಳುವ ಹಕ್ಕಿಲ್ಲ; ಸಂಸತ್ತು ಬೇಕೆಂದೇ ಅವರನ್ನು ಹೊರಗಿಟ್ಟಿದೆ. ಹಾಗಿರುವಾಗ, ದೊಡ್ಡ ಕೊಳವೆ ಒಡೆದರೆ ಟ್ರಾನ್ಸ್‌ಕೊಗೆ ಸಿಗದ ಹಣ, ಅದಕ್ಕಿಂತ ಚಿಕ್ಕ ಕೊಳವೆ ಒಡೆದರೆ 1868ರ ನಿಯಮದಿಂದ ಸಿಗುವುದು ವಿಚಿತ್ರವಲ್ಲವೇ?

ಇಲ್ಲಿ ನಿಮ್ಮ ಮೂಲ ಪ್ರಶ್ನೆಗೆ ಉತ್ತರದ ದೊಡ್ಡ ಪಾಲು ಇದೆ. ಯಾವ ಅಪಾಯಕ್ಕೆ ತಪ್ಪಿಲ್ಲದ ಹೊಣೆ ಬೇಕೋ ಅದನ್ನು ಸಂಸತ್ತು ಒಂದೊಂದಾಗಿ ಹೆಸರಿಸಿ ಕಾಯ್ದೆ ಮಾಡುತ್ತಾ ಹೋಯಿತು: ಪರಮಾಣು ಸ್ಥಾವರಕ್ಕೆ ಒಂದು, ನೀರಿನ ಕೊಳವೆಗೆ ಒಂದು. ನ್ಯಾಯಾಧೀಶರು ಹಳೆಯ ನಿಯಮವನ್ನು ಹಿಗ್ಗಿಸಲು ಹಿಂಜರಿದರು.

ಲಾರ್ಡ್ ಸ್ಕಾಟ್ ಅಂತೂ ಇನ್ನೊಂದು ಹೆಜ್ಜೆ ಹೋದರು. ಏರಿಯೂ ನಗರಾಡಳಿತದ್ದೇ, ಕಟ್ಟಡವೂ ಅದರದೇ. ನೀರು ಅವರ ನೆಲ ಬಿಟ್ಟು ಹೋಗಲೇ ಇಲ್ಲ, ಟ್ರಾನ್ಸ್‌ಕೊಗೆ ಅಲ್ಲಿ ಕೊಳವೆ ಹಾಯಿಸುವ ಹಕ್ಕು ಮಾತ್ರ ಇತ್ತು ಎಂದರು. ಹೊರಬೀಳುವಿಕೆ ಎಂಬ ಷರತ್ತು ಎಷ್ಟು ಗಡುಸೆಂದು ತಿಳಿಯಲು 1946ರ ರೀಡ್ ವಿರುದ್ಧ ಲಯನ್ಸ್ ತೀರ್ಪನ್ನು ಓದಿ. ಯುದ್ಧಕಾಲದ ಮದ್ದುಗುಂಡಿನ ಕಾರ್ಖಾನೆಯಲ್ಲಿ ಗುಂಡು ಸಿಡಿದು ತಪಾಸಣೆಯ ಕೆಲಸದಲ್ಲಿದ್ದ ಮಹಿಳೆ ಗಾಯಗೊಂಡರು. ಸಿಡಿದದ್ದು ಕಾರ್ಖಾನೆಯ ಒಳಗೇ ಆದ್ದರಿಂದ ಅವರು ಸೋತರು. ಗೇಟಿನ ಹೊರಗೆ ನಿಂತವನಿಗೂ ಒಳಗೆ ನಿಂತವಳಿಗೂ ಹೀಗೆ ಭೇದ ಮಾಡುವುದನ್ನು ನಾನು ಎಂದೂ ಒಪ್ಪಿಕೊಂಡಿಲ್ಲ.

ಬೇಲಿಯಾಚೆ:
ಇಂಗ್ಲೆಂಡಿನಲ್ಲಿ ಕುಗ್ಗಿರಬಹುದು, ಭಾರತದಲ್ಲಿ ಬೆಳೆದಿದೆ. ದೆಹಲಿಯ ಶ್ರೀರಾಮ್ ಕಾರ್ಖಾನೆಯಿಂದ 1985ರ ಡಿಸೆಂಬರ್‌ನಲ್ಲಿ ಓಲಿಯಂ ಅನಿಲ ಸೋರಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ರೈಲ್ಯಾಂಡ್ಸ್ ನಿಯಮವನ್ನು ತೆಗೆದುಹಾಕಿ ಸಂಪೂರ್ಣ ಹೊಣೆಗಾರಿಕೆಯನ್ನು ತಂದಿತು. ಈಗ ಇಲ್ಲಿ ಯಾರಿಗೂ ಯಾವ ವಿನಾಯಿತಿಯೂ ಇಲ್ಲ.

ಹಸಿರು ಶಾಯಿ:
ತೆಗೆದುಹಾಕಲಿಲ್ಲ, ಪಕ್ಕಕ್ಕೆ ಸರಿಸಿ ಬೇರೆ ನಿಯಮ ಕಟ್ಟಿತು. ಆ ತೀರ್ಪು ಅನ್ವಯಿಸುವುದು ಅಪಾಯಕಾರಿ ಅಥವಾ ಸ್ವಭಾವತಃ ಗಂಡಾಂತರದ ಉದ್ಯಮ ನಡೆಸುವವರಿಗೆ. ಅಲ್ಲಿ ವಸ್ತು ನೆಲದಿಂದ ಹೊರಗೆ ಹೋಗಬೇಕೆಂದಿಲ್ಲ. ಒಳಗಿನ ಕಾರ್ಮಿಕನಿಗೂ ರಕ್ಷಣೆ ಇದೆ. ದೈವಕೃತ್ಯ, ಮೂರನೆಯವನ ಕೃತ್ಯ ಎಂಬ ಹಳೆಯ ವಿನಾಯಿತಿಗಳೂ ಇಲ್ಲ. ಭೋಪಾಲ್ ದುರಂತ ನಡೆದು ಒಂದು ವರ್ಷವಷ್ಟೇ ಆಗಿದ್ದಾಗ ಈ ಸೋರಿಕೆ ನಡೆಯಿತು ಎಂಬುದನ್ನು ಮರೆತು ಆ ತೀರ್ಪನ್ನು ಓದಬಾರದು. ಹಾಗಿದ್ದೂ ಶ್ರೀರಾಮ್ ಪ್ರಕರಣದ ಸಂತ್ರಸ್ತರಿಗೆ ಆ ತೀರ್ಪಿನಲ್ಲೇ ಪರಿಹಾರ ಸಿಗಲಿಲ್ಲ. ಬೇರೆ ದಾವೆ ಹೂಡಬೇಕೆಂದಾಯಿತು.

ಹಳೆಯ ನಿಯಮವೂ ಇಲ್ಲಿ ಜೀವಂತವಾಗಿದೆ. 2002ರಲ್ಲಿ ಮಧ್ಯಪ್ರದೇಶ ವಿದ್ಯುತ್ ಮಂಡಳಿಯ ಪ್ರಕರಣ ನೋಡಿ. ಮಳೆಯ ರಾತ್ರಿ ಸೈಕಲ್‌ನಲ್ಲಿ ಹೋಗುತ್ತಿದ್ದವರು ರಸ್ತೆಯಲ್ಲಿ ಬಿದ್ದಿದ್ದ ವಿದ್ಯುತ್ ತಂತಿ ತಗುಲಿ ಸತ್ತರು. ಯಾರೋ ಕದ್ದು ಎಳೆದುಕೊಂಡ ತಂತಿ ಅದು ಎಂಬ ಮಂಡಳಿಯ ವಾದವನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿತು, ರೈಲ್ಯಾಂಡ್ಸ್ ನಿಯಮವನ್ನು ಹೆಸರಿಸಿಯೇ ಹೊಣೆ ಹೊರಿಸಿತು. ಇಂಗ್ಲೆಂಡಿನಲ್ಲಿ ಟ್ರಾನ್ಸ್‌ಕೊ ತೀರ್ಪಿನ ನಂತರ ಈ ನಿಯಮದಡಿ ಸಾವು ನೋವಿಗೆ ಪರಿಹಾರ ಕೇಳುವಂತೆಯೇ ಇಲ್ಲ, ಭೂಮಿಯ ಹಕ್ಕಿಗಾದ ಹಾನಿಗೆ ಮಾತ್ರ. ಒಂದೇ ಬೇರಿನ ನಿಯಮ ಎರಡು ದೇಶಗಳಲ್ಲಿ ಎದುರುಬದುರು ದಿಕ್ಕಿಗೆ ಬೆಳೆದಿದೆ.

ಮೂರನೇ ಸೆಮಿಸ್ಟರ್:
ಹಾಗಾದರೆ ಇಂಗ್ಲೆಂಡಿನಲ್ಲಿ ಅದನ್ನು ರದ್ದು ಮಾಡಿದ್ದರೆ ನಷ್ಟವೇನಿತ್ತು? ಆಸ್ಟ್ರೇಲಿಯಾ ಹಾಗೆ ಮಾಡಿತಲ್ಲವೇ?

ಕಟಕಟೆ:
ಹೌದು, 1994ರಲ್ಲಿ. ಟಾಸ್ಮೇನಿಯಾದ ಬರ್ನಿ ಬಂದರು ಪ್ರಾಧಿಕಾರದ ಕಟ್ಟಡದಲ್ಲಿ ಗುತ್ತಿಗೆದಾರರು ಬೆಸುಗೆ ಹಾಕುತ್ತಿದ್ದರು. ಪಕ್ಕದಲ್ಲೇ ಬೇಗ ಹೊತ್ತಿಕೊಳ್ಳುವ ನಿರೋಧಕ ಸಾಮಗ್ರಿಯ ಪೆಟ್ಟಿಗೆಗಳ ರಾಶಿ ಇತ್ತು. ಕಿಡಿ ಬಿತ್ತು, ಕಟ್ಟಡ ಉರಿಯಿತು, ಶೈತ್ಯಾಗಾರದಲ್ಲಿ ಇನ್ನೊಂದು ಕಂಪನಿ ಇಟ್ಟಿದ್ದ ತರಕಾರಿ ಹಾಳಾಯಿತು. ಆ ದೇಶದ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟ್‌ನ ಐವರು ನ್ಯಾಯಮೂರ್ತಿಗಳು ರೈಲ್ಯಾಂಡ್ಸ್ ನಿಯಮವನ್ನು ನಿರ್ಲಕ್ಷ್ಯದೊಳಗೆ ಕರಗಿಸಿದರು, ಇಬ್ಬರು ಒಪ್ಪಲಿಲ್ಲ. ಆದರೆ ವಾದಿ ಸೋಲಲಿಲ್ಲ. ಅಪಾಯಕಾರಿ ಕೆಲಸ ಮಾಡಿಸುವವನು ಎಚ್ಚರದ ಕರ್ತವ್ಯವನ್ನು ಗುತ್ತಿಗೆದಾರನ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವಂತಿಲ್ಲ ಎಂದು ಹೇಳಿ ಪ್ರಾಧಿಕಾರವನ್ನೇ ಹೊಣೆ ಮಾಡಿದರು.

ಈ ಉತ್ತರವನ್ನು 1860ಕ್ಕೆ ಒಯ್ದು ನೋಡಿ. ಗುತ್ತಿಗೆದಾರರು ಹಳೆಯ ಬಾವಿಗಳನ್ನು ಕಂಡೂ ಮುಚ್ಚಲಿಲ್ಲ, ಮಾಲೀಕರು ಹೊಣೆ. ಬ್ಲ್ಯಾಕ್‌ಬರ್ನ್ ಹೊಸ ನಿಯಮ ಹುಡುಕುವ ಅಗತ್ಯವೇ ಬರುತ್ತಿರಲಿಲ್ಲ. ನಿರ್ಲಕ್ಷ್ಯದ ಕಾನೂನು ಅಂದು ಇಷ್ಟು ಬೆಳೆದಿರಲಿಲ್ಲ, ಇಂದು ಬೆಳೆದಿದೆ.

ಲಾರ್ಡ್‌ಗಳು ಆ ದಾರಿ ಬೇಡವೆಂದರು. ಅಪರೂಪಕ್ಕಾದರೂ ಯಾರ ತಪ್ಪೂ ಇಲ್ಲದೆ ದೊಡ್ಡ ಅನಾಹುತ ನಡೆದಾಗ, ಅಪಾಯವನ್ನು ತಂದಿಟ್ಟವನೇ ಅದರ ಬೆಲೆ ತೆರಬೇಕೆಂಬುದು ಅವರ ನಿಲುವು. ನನಗೂ ಅದು ಸರಿ ಎನಿಸುತ್ತದೆ.

ನೀರುಗಂಟಿ:
ನನಗೆ ಎನಿಸುವುದಿಲ್ಲ. ಬಳಸಲಾಗದಷ್ಟು ಎತ್ತರದಲ್ಲಿ ಕಟ್ಟಿದ ಬಾಗಿಲು ಯಾರಿಗೆ ಬೇಕು? ಒಂದು ಪ್ರಶ್ನೆ ಉಳಿದಿದೆ. ಗೋದಾಮಿನಲ್ಲಿ ಲಿಥಿಯಂ ಬ್ಯಾಟರಿಗಳ ರಾಶಿಗೆ ಬೆಂಕಿ ಬಿದ್ದು ಪಕ್ಕದ ಕಟ್ಟಡ ಸುಟ್ಟರೆ ಈ ನಿಯಮ ನಡೆಯುತ್ತದೆಯೇ?

ಕಟಕಟೆ:
2012ರ ಸ್ಟ್ಯಾನರ್ಡ್ ವಿರುದ್ಧ ಗೋರ್ ತೀರ್ಪು ಅಡ್ಡ ಬರುತ್ತದೆ. ಅಲ್ಲಿ ಸಾವಿರಾರು ಟೈರುಗಳನ್ನು ಪೇರಿಸಿದ್ದ ಅಂಗಡಿಯ ವಿದ್ಯುತ್ ದೋಷದಿಂದ ಬೆಂಕಿ ಹುಟ್ಟಿ ಪಕ್ಕಕ್ಕೆ ಹರಡಿತು. ಮಾಲೀಕ ತಂದಿಟ್ಟದ್ದು ಟೈರು, ಹೊರಗೆ ಹೋದದ್ದು ಬೆಂಕಿ. ಟೈರು ಹೊರಗೆ ಹೋಗಲಿಲ್ಲ. ಆದ್ದರಿಂದ ನಿಯಮ ಅನ್ವಯಿಸದು ಎಂದರು. ಬ್ಯಾಟರಿಗೂ ಇದನ್ನೇ ಹೇಳಬಹುದು. ಆದರೆ ಟೈರು ತಾನಾಗಿ ಹೊತ್ತುವುದಿಲ್ಲ, ಹಾನಿಗೊಂಡ ಬ್ಯಾಟರಿ ಹೊತ್ತಬಲ್ಲದು, ವಿಷಾನಿಲವನ್ನೂ ಉಗುಳುತ್ತದೆ. ಆ ಅನಿಲ ಗೋಡೆ ದಾಟಿದರೆ, ತಂದಿಟ್ಟ ವಸ್ತುವೇ ಹೊರಬಿದ್ದಿತೆಂದು ವಾದಿಸಲು ಜಾಗವಿದೆ. ನಾನಾದರೆ ನಿರ್ಲಕ್ಷ್ಯವನ್ನು ಮೊದಲ ವಾದವಾಗಿ, ಇದನ್ನು ಎರಡನೆಯದಾಗಿ ಬರೆಯುತ್ತೇನೆ.

ಹಸಿರು ಶಾಯಿ:
ಬೆಂಕಿ ಆರಿಸಲು ಸುರಿದ ನೀರು ರಾಸಾಯನಿಕ ಹೊತ್ತು ಪಕ್ಕದ ಕೆರೆಗೆ ಹರಿದರೆ? ಆ ನೀರನ್ನು ತಂದದ್ದು ಅಗ್ನಿಶಾಮಕ ದಳ, ರಾಸಾಯನಿಕವನ್ನು ತಂದದ್ದು ಗೋದಾಮಿನವನು. ಹೊರಬಿದ್ದದ್ದು ಯಾರ ವಸ್ತು ಎಂದು ಹೇಳುತ್ತೀರಿ?

ಕಟಕಟೆ:
ರಾಸಾಯನಿಕ ಗೋದಾಮಿನವನದೇ ಎನ್ನುತ್ತೇನೆ. ನೀರು ಅದನ್ನು ಹೊತ್ತ ವಾಹನ ಮಾತ್ರ. ಪ್ರತಿವಾದಿಯ ವಕೀಲನಾಗಿದ್ದರೆ, ಹೊರಗೆ ಹರಿಸಿದ್ದು ಮೂರನೆಯವರ ಕೃತ್ಯ ಎಂದು ವಾದಿಸುತ್ತಿದ್ದೆ. ಬೆಂಕಿ ಬಿದ್ದಾಗ ದಳ ಬರುವುದು, ನೀರು ಸುರಿಯುವುದು ಯಾರೂ ಊಹಿಸಬಹುದಾದ ಸಂಗತಿ, ಆದ್ದರಿಂದ ಆ ವಾದ ಹೆಚ್ಚು ಹೊತ್ತು ನಿಲ್ಲಲಾರದು. ನೀರುಗಂಟಿ ಅವರು ಬಹುಶಃ ಇದಕ್ಕೂ ಒಪ್ಪುವುದಿಲ್ಲ.

ನೀರುಗಂಟಿ:
ಇದಕ್ಕೆ ಒಪ್ಪುತ್ತೇನೆ. ಟ್ರಾನ್ಸ್‌ಕೊ ವಿಷಯದಲ್ಲಿ ಮಾತ್ರ ಇಲ್ಲ.